ಎಪ್ಪತ್ತು ದಿನದ ಲೆಕ್ಕ

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳ ಪೇ ಸ್ಲಿಪ್ ಕೈಗೆ ತಗೊಳ್ಳಿ. ಕಡಿತದ ಕಾಲಮ್ಮಿನಲ್ಲಿ ಪಿ.ಎಫ್. ಕೆಳಗೆ ಇ.ಎಸ್.ಐ. ಅಂತ ಒಂದು ಸಾಲು ಇರುತ್ತದೆ. ತಿಂಗಳಿಗೆ 13,000 ರೂಪಾಯಿ ಸಂಬಳ ಇದ್ದರೆ ಅಲ್ಲಿ 98 ರೂಪಾಯಿ ಅಂತ ಬರೆದಿರುತ್ತಾರೆ. ಸಂಬಳದ ಶೇಕಡಾ 0.75 ಅಂದರೆ 97 ರೂಪಾಯಿ 50 ಪೈಸೆ, ಅದನ್ನು ಮೇಲಿನ ರೂಪಾಯಿಗೆ ಸೇರಿಸಿ 98. ಮಾಲೀಕರು ತಮ್ಮ ಪಾಲು ಶೇಕಡಾ 3.25, ಅಂದರೆ 423 ರೂಪಾಯಿ ಸೇರಿಸಿ, ಎರಡನ್ನೂ ಒಟ್ಟಿಗೆ ಮುಂದಿನ ತಿಂಗಳ 15ರೊಳಗೆ ಕಾರ್ಮಿಕರ ರಾಜ್ಯ ವಿಮಾ ನಿಗಮಕ್ಕೆ ಕಟ್ಟಬೇಕು. 2019ರ ಜುಲೈಯಿಂದ ದರ ಇದೇ ಇದೆ. ಕಾನೂನಿನ ಕನ್ನಡದಲ್ಲಿ ಇದಕ್ಕೆ ವಂತಿಗೆ ಅನ್ನುತ್ತಾರೆ. ಊರ ಜಾತ್ರೆಗೆ ಎತ್ತುವ ವಂತಿಗೆಯೂ ಇದೇ ಪದ, ಅರ್ಥವೂ ಹೆಚ್ಚು ದೂರವಿಲ್ಲ: ಎಲ್ಲರೂ ಅಷ್ಟಿಷ್ಟು ಹಾಕುವುದು, ಬೇಕಾದವರಿಗೆ ಬೇಕಾದಾಗ ಸಿಗುವುದು.

ತರಗತಿಯಲ್ಲಿ ಈ ಸಾಲು ತೋರಿಸಿ ಇದರಿಂದ ಏನು ಸಿಗುತ್ತದೆ ಅಂತ ಕೇಳಿದರೆ, ಹತ್ತರಲ್ಲಿ ಒಂಬತ್ತು ಜನ ‘ಇ.ಎಸ್.ಐ. ಆಸ್ಪತ್ರೆ, ಪುಕ್ಕಟೆ ಔಷಧಿ’ ಅನ್ನುತ್ತಾರೆ. ತಪ್ಪೇನಲ್ಲ. ಆದರೆ ಅದೇ 98 ರೂಪಾಯಿಯ ಹಿಂದೆ ಆರು ತಿಂಗಳ ಸಂಬಳದಷ್ಟು, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಿನ, ಹೆರಿಗೆ ಭತ್ಯೆ ನಿಂತಿದೆ. ಅದು ಕೈಗೆ ಸಿಗುತ್ತದೋ ಇಲ್ಲವೋ ಅನ್ನುವುದು ಇವತ್ತು ಎಷ್ಟು ದಿನ ಕೆಲಸ ಮಾಡುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿಲ್ಲ. ಹೊಸಬರಿಗೆ ಗಂಟಲಲ್ಲಿ ಇಳಿಯದ ಸಂಗತಿ ಇದು. ಇವತ್ತಿನ ಪಾಠ ಅದೊಂದೇ.

ಮೊದಲು ಹಕ್ಕು ಎಷ್ಟು ಅಂತ ಹೇಳಿ ಮುಗಿಸುತ್ತೇನೆ, ಅದರಲ್ಲಿ ಕಷ್ಟವಿಲ್ಲ. ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದವರು ಈ ವಿಮೆಯ ಒಳಗೆ ಬರುತ್ತಾರೆ. ಅಂಥ ವಿಮಾದಾರಳಿಗೆ ಹೆರಿಗೆಗೆ 26 ವಾರ, ದಿನದ ಸರಾಸರಿ ಸಂಬಳದ ಪೂರ್ತಿ ಮೊತ್ತ ಸಿಗುತ್ತದೆ. ಅದರಲ್ಲಿ ಹೆರಿಗೆಯ ನಿರೀಕ್ಷಿತ ದಿನಕ್ಕೆ ಮುಂಚೆ ಹೆಚ್ಚೆಂದರೆ 8 ವಾರ ತಗೊಳ್ಳಬಹುದು. ಆಗಲೇ ಎರಡು ಮಕ್ಕಳು ಬದುಕಿದ್ದರೆ 12 ವಾರ ಮಾತ್ರ. ಇಲ್ಲಿ ಲೆಕ್ಕ ಹೆರಿಗೆಯದಲ್ಲ, ಮಕ್ಕಳದು. ಮೊದಲ ಹೆರಿಗೆಯಲ್ಲೇ ಅವಳಿ ಹುಟ್ಟಿದ್ದರೆ ಎರಡನೆಯ ಹೆರಿಗೆಗೇ ಈ ಮಿತಿ ಬೀಳುತ್ತದೆ. ಗರ್ಭಪಾತವಾದರೆ 6 ವಾರ. ಬಸಿರಿನಿಂದ ಅಥವಾ ಹೆರಿಗೆಯಿಂದ ಕಾಯಿಲೆ ಬಿದ್ದರೆ ವೈದ್ಯರ ಪ್ರಮಾಣಪತ್ರದ ಮೇಲೆ ಇನ್ನೊಂದು ತಿಂಗಳು. ಈ ದುಡ್ಡು ಕೊಡುವವರು ಮಾಲೀಕರಲ್ಲ, ನಿಗಮ. ಫ್ಯಾಕ್ಟರಿಯವರು ‘ನಾವು ಕೊಡ್ತಿದ್ದೀವಿ’ ಅಂತ ಉಪಕಾರದ ಧಾಟಿಯಲ್ಲಿ ಹೇಳಿದರೆ ನಂಬಬೇಡಿ. ಅವರು ಕೊಡಬೇಕಾದದ್ದು ರಜೆ ಮತ್ತು ವಾಪಸ್ ಬಂದಾಗ ಅದೇ ಕೆಲಸ.

ಈಗ ಕಷ್ಟದ ಭಾಗ. ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆದು ಅದರ ಮೇಲೆ ತಿಂಗಳುಗಳನ್ನು ಬರೆಯಿರಿ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಒಂದು ವಂತಿಗೆ ಅವಧಿ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಇನ್ನೊಂದು. ಪ್ರತಿಯೊಂದು ವಂತಿಗೆ ಅವಧಿಗೂ ಜೋಡಿಯಾಗಿ ಒಂದು ಸೌಲಭ್ಯದ ಅವಧಿ ಇದೆ, ಆದರೆ ಅದು ಕೂಡಲೇ ಶುರುವಾಗುವುದಿಲ್ಲ. ಏಪ್ರಿಲ್–ಸೆಪ್ಟೆಂಬರಿನಲ್ಲಿ ಕಟ್ಟಿದ್ದಕ್ಕೆ ಮೂರು ತಿಂಗಳು ಬಿಟ್ಟು, ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ ಸೌಲಭ್ಯ. ಅಕ್ಟೋಬರ್–ಮಾರ್ಚಿನಲ್ಲಿ ಕಟ್ಟಿದ್ದಕ್ಕೆ ಜುಲೈ 1ರಿಂದ ಡಿಸೆಂಬರ್ 31ರವರೆಗೆ.

ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ನಾನು ಹಾಲಿನ ಡೇರಿಯ ಉದಾಹರಣೆ ಕೊಡುತ್ತೇನೆ. ಇವತ್ತು ಹಾಕಿದ ಹಾಲಿಗೆ ಇವತ್ತೇ ದುಡ್ಡು ಕೊಡುವುದಿಲ್ಲ, ಬಟವಾಡೆಯ ದಿನ ಕೊಡುತ್ತಾರೆ. ಬಟವಾಡೆಯ ದಿನ ನೀವು ಕ್ಯಾನ್ ತುಂಬ ಹಾಲು ತಂದು ಕಾರ್ಯದರ್ಶಿಯ ಮುಂದೆ ಇಟ್ಟರೂ ಆ ದಿನದ ಚೀಟಿಯಲ್ಲಿ ಅದು ಬರುವುದಿಲ್ಲ. ಹಿಂದಿನ ಪುಸ್ತಕದಲ್ಲಿ ಬರೆದದ್ದಷ್ಟೇ ಲೆಕ್ಕ. ಇ.ಎಸ್.ಐ. ಕೂಡ ಹಾಗೆಯೇ, ಬಟವಾಡೆ ಮಾತ್ರ ಇನ್ನೂ ತಡ.

ನಿಯಮ ಒಂದೇ ವಾಕ್ಯದ್ದು. ಹೆರಿಗೆ ಯಾವ ಸೌಲಭ್ಯದ ಅವಧಿಯಲ್ಲಿ ಆಗುತ್ತದೋ, ಅಥವಾ ಆಗುವ ನಿರೀಕ್ಷೆ ಇದೆಯೋ, ಅದರ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಕ್ಕೆ ಕಡಿಮೆಯಿಲ್ಲದಂತೆ ಆಕೆಯ ಹೆಸರಿನಲ್ಲಿ ವಂತಿಗೆ ಸಲ್ಲಬೇಕಾಗಿದ್ದಿರಬೇಕು. ಈ ವಾಕ್ಯದ ಒಂದೊಂದು ಪದವೂ ದುಡ್ಡಿನ ಪದ, ನಿಧಾನವಾಗಿ ನೋಡೋಣ.

ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ, ಮಂಜುಳ ಅಂತ ಇಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್, ದಿನಕ್ಕೆ 500 ರೂಪಾಯಿ, ಭಾನುವಾರಕ್ಕೆ ಸಂಬಳವಿಲ್ಲ. 2023ರ ನವೆಂಬರಿನಲ್ಲಿ ಅವರ ತಾಯಿಗೆ ಆಪರೇಷನ್ ಆಗಿ, ನೋಡಿಕೊಳ್ಳಲು ಕೆಲಸ ಬಿಟ್ಟು ಊರಿಗೆ ಹೋದರು. ಬಿಡುವ ಮುಂಚೆ ಅಕ್ಟೋಬರಿನಲ್ಲಿ 26 ದಿನ, ನವೆಂಬರ್ 14ರವರೆಗೆ 12 ದಿನ ಸಂಬಳ ಬಂದಿತ್ತು. ಆ ಹನ್ನೆರಡರಲ್ಲಿ ರಾಜ್ಯೋತ್ಸವದ ರಜೆಯೂ ಸೇರಿದೆ. ಸಂಬಳ ಸಹಿತ ರಜೆಯ ದಿನವೂ ವಂತಿಗೆಯ ದಿನವೇ, ಬಹಳ ಜನ ಇದನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಒಟ್ಟು 38 ದಿನ. ಆಮೇಲೆ ಒಂಬತ್ತು ತಿಂಗಳು ಊರಲ್ಲಿ. 2024ರ ಆಗಸ್ಟ್ 19ರಂದು ಬೇರೊಂದು ಫ್ಯಾಕ್ಟರಿಗೆ ಸೇರಿದರು. ಆ ತಿಂಗಳು 11 ದಿನ, ಸೆಪ್ಟೆಂಬರಿನಲ್ಲಿ 25 ದಿನ, ಅಂದರೆ 36 ದಿನ. ಸೇರುವಾಗಲೇ ಮೂರು ತಿಂಗಳ ಬಸಿರು. ಡಾಕ್ಟರು ಕೊಟ್ಟ ದಿನಾಂಕ 2025ರ ಫೆಬ್ರುವರಿ 20.

ಫೆಬ್ರುವರಿ 20 ಯಾವ ಸೌಲಭ್ಯದ ಅವಧಿಯಲ್ಲಿ ಬೀಳುತ್ತದೆ? ಜನವರಿ–ಜೂನ್ 2025. ಅದರ ಜೋಡಿ ವಂತಿಗೆ ಅವಧಿ ಏಪ್ರಿಲ್–ಸೆಪ್ಟೆಂಬರ್ 2024. ಅದಕ್ಕೆ ಹಿಂದಿನದು ಅಕ್ಟೋಬರ್ 2023–ಮಾರ್ಚ್ 2024. ಮೊದಲಿನದರಲ್ಲಿ 36, ಹಿಂದಿನದರಲ್ಲಿ 38, ಕೂಡಿದರೆ 74. ಎಪ್ಪತ್ತು ದಾಟಿತು. ಮಂಜುಳ ಅರ್ಹರು.

ಇಲ್ಲಿ ಎರಡು ಸಂಗತಿ ಗಮನಿಸಿ. 2024ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಹೊಟ್ಟೆ ಹೊತ್ತುಕೊಂಡು, ಒಂದು ದಿನವೂ ತಪ್ಪಿಸದೆ ಮಂಜುಳ ಕೆಲಸಕ್ಕೆ ಹೋಗಿದ್ದಾರೆ ಅನ್ನಿ. ಆ ದಿನಗಳಲ್ಲಿ ಒಂದೂ ಈ ಲೆಕ್ಕಕ್ಕೆ ಬರಲಿಲ್ಲ. ಅದೇ ಹೊತ್ತಿಗೆ, ಒಂದು ವರ್ಷದ ಹಿಂದೆ, ಬೇರೆ ಫ್ಯಾಕ್ಟರಿಯಲ್ಲಿ, ಬಸಿರಿನ ಯೋಚನೆಯೇ ಇಲ್ಲದಿದ್ದಾಗ ಹೊಲಿದ 38 ದಿನ ಕೈಹಿಡಿಯಿತು. ದಿನಗಳು ಫ್ಯಾಕ್ಟರಿಗೆ ಅಂಟಿಕೊಂಡಿಲ್ಲ, ಆಕೆಯ ವಿಮಾ ಸಂಖ್ಯೆಗೆ ಅಂಟಿಕೊಂಡಿವೆ.

ಹಾಗಾದರೆ ವಿಮಾ ಸಂಖ್ಯೆಯೇ ಎರಡಾದರೆ? ನಾನು ಕಂಡಂತೆ ಅತಿ ಹೆಚ್ಚು ಜನ ಎಡವುವ ಜಾಗ ಇದು. ಹೊಸ ಫ್ಯಾಕ್ಟರಿಗೆ ಸೇರುವಾಗ ಎಚ್‌ಆರ್‌ನವರು ‘ಮುಂಚೆ ಇ.ಎಸ್.ಐ. ಇತ್ತಾ?’ ಅಂತ ಕೇಳುತ್ತಾರೆ. ಕಾರ್ಡ್ ಊರಲ್ಲಿದೆ, ನಂಬರ್ ನೆನಪಿಲ್ಲ, ಹಳೆ ಕೆಲಸ ಬಿಟ್ಟದ್ದು ಗೊತ್ತಾದರೆ ಏನಾದರೂ ತೊಂದರೆಯಾದೀತು ಅನ್ನುವ ಅಳುಕು ಬೇರೆ. ‘ಇರಲಿಲ್ಲ’ ಅಂದುಬಿಡುತ್ತಾರೆ. ಐದು ನಿಮಿಷದಲ್ಲಿ ಹೊಸ ನಂಬರ್ ಬರುತ್ತದೆ. ಮಂಜುಳ ಹಾಗೆ ಅಂದಿದ್ದರೆ ಏನಾಗುತ್ತಿತ್ತು ನೋಡಿ. ಹಳೇ ಸಂಖ್ಯೆಯಲ್ಲಿ 38, ಹೊಸದರಲ್ಲಿ 36. ಎರಡರಲ್ಲೂ ಎಪ್ಪತ್ತಿಲ್ಲ.

ಅಷ್ಟೇ ಆಗಿದ್ದರೆ ಒಂದು ರೀತಿ. ಹೊಸ ಸಂಖ್ಯೆಯ ಕಣ್ಣಿಗೆ ಮಂಜುಳ ಜೀವನದಲ್ಲಿ ಮೊದಲ ಸಲ ಕೆಲಸಕ್ಕೆ ಸೇರಿದವರು. ಮೊದಲ ಸಲ ಸೇರಿದವರಿಗೆ ಬೇರೆ ನಿಯಮ ಇದೆ: ಅವರ ಮೊದಲ ವಂತಿಗೆ ಅವಧಿ ಸೇರಿದ ದಿನದಿಂದ ಶುರು, ಮೊದಲ ಸೌಲಭ್ಯದ ಅವಧಿ ಆ ದಿನದಿಂದ ಒಂಬತ್ತು ತಿಂಗಳು ಕಳೆದ ಮೇಲೆ ಶುರು. ಆಗಸ್ಟ್ 19ಕ್ಕೆ ಒಂಬತ್ತು ತಿಂಗಳು ಸೇರಿಸಿದರೆ 2025ರ ಮೇ 19. ಮಗು ಫೆಬ್ರುವರಿಯಲ್ಲಿ. ಕಂಪ್ಯೂಟರ್ ಪರದೆ ನೋಡಿ ಗುಮಾಸ್ತರು ‘ನಿಮಗಿನ್ನೂ ಸೌಲಭ್ಯದ ಅವಧಿಯೇ ಶುರುವಾಗಿಲ್ಲಮ್ಮ’ ಅಂದರೆ, ಅವರ ಮುಂದಿರುವ ಪರದೆಯ ಮಟ್ಟಿಗೆ ಅದು ನಿಜವೇ. ಇದಕ್ಕೆ ಮದ್ದು ಇದೆ. ಎರಡೂ ಸಂಖ್ಯೆ ಒಬ್ಬಳದೇ ಅಂತ ಆಧಾರ್, ಹಳೇ ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್ ಇಟ್ಟು ಶಾಖಾ ಕಚೇರಿಯಲ್ಲಿ ಎರಡನ್ನೂ ಒಂದುಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಬಾಣಂತನದಲ್ಲಿ ಎದ್ದು ಹೋಗಿ ಮಾಡಿಸುವ ಕೆಲಸವಲ್ಲ ಅದು, ಆರನೇ ತಿಂಗಳಿಗೆ ಮುಂಚೆ ಮುಗಿಸಿಕೊಳ್ಳುವಂಥದ್ದು. `esic.gov.in` ನಲ್ಲಿ ವಿಮಾದಾರರ ಲಾಗಿನ್ ಇದೆ. ಅಲ್ಲಿ ತಿಂಗಳುವಾರು ಎಷ್ಟು ದಿನ, ಎಷ್ಟು ಸಂಬಳ ಅಂತ ಬರೆದಿರುವುದು ಕಾಣುತ್ತದೆ. ಹಳೇ ಫ್ಯಾಕ್ಟರಿಯ ತಿಂಗಳುಗಳು ಅಲ್ಲಿ ಕಾಣದಿದ್ದರೆ ಸಂಖ್ಯೆ ಎರಡಾಗಿದೆ ಅಂತಲೇ ಮೊದಲ ಅನುಮಾನ ಬರಬೇಕು.

ಈಗ ನಿಜವಾಗಿಯೂ ಮೊದಲ ಸಲ ಸೇರಿದವರ ಮಾತು. ಇವರನ್ನು ಸವಿತ ಅನ್ನೋಣ. ಪಿ.ಯು.ಸಿ. ಆದ ಮೇಲೆ ಮನೆಯಲ್ಲಿದ್ದು, ಮದುವೆಯಾಗಿ, 2024ರ ಜೂನ್ 10ರಂದು ಮೊದಲ ಕೆಲಸಕ್ಕೆ ಸೇರಿದರು. ಹೆರಿಗೆಯ ನಿರೀಕ್ಷಿತ ದಿನ 2025ರ ಫೆಬ್ರುವರಿ 5. ಮೊದಲ ಸೌಲಭ್ಯದ ಅವಧಿ ಮಾರ್ಚ್ 10ರಿಂದ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅವರದು ತೊಂಬತ್ತಕ್ಕೂ ಹೆಚ್ಚು ದಿನ ವಂತಿಗೆ ಆಗಿದೆ, ಎಪ್ಪತ್ತರ ಚಿಂತೆಯಿಲ್ಲ. ಆದರೂ ಮಗು ಬರುವ ದಿನಕ್ಕೆ ಬಾಗಿಲೇ ತೆರೆದಿಲ್ಲ. ಒಂದು ತಿಂಗಳ ಅಂತರದಲ್ಲಿ ಇ.ಎಸ್.ಐ. ಭತ್ಯೆ ತಪ್ಪಿತು.

ಇಲ್ಲಿಗೆ ಬಂದಾಗ ಬಹಳ ಜನ ಕೈಚೆಲ್ಲುತ್ತಾರೆ. ಫ್ಯಾಕ್ಟರಿಯಲ್ಲಿ ಕೇಳಿದರೆ ‘ನಿಮಗೆ ಇ.ಎಸ್.ಐ. ಕಟ್ತಿದ್ದೀವಿ, ಅಲ್ಲಿ ಕೇಳಿ’, ಅಲ್ಲಿ ಹೋದರೆ ‘ಅರ್ಹತೆ ಇಲ್ಲ’. ಆದರೆ 1961ರ ಹೆರಿಗೆ ಸೌಲಭ್ಯ ಕಾಯ್ದೆ ಅಂತ ಇನ್ನೊಂದು ಕಾನೂನು ಇದೆ. ಅದರಲ್ಲಿ ದುಡ್ಡು ಕೊಡಬೇಕಾದವರು ಮಾಲೀಕರು. ಸಾಮಾನ್ಯವಾಗಿ ಇ.ಎಸ್.ಐ. ಇರುವ ಕಡೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಒಂದೇ ಹೆರಿಗೆಗೆ ಎರಡೂ ಕಡೆಯಿಂದ ತಗೊಳ್ಳುವಂತಿಲ್ಲವಲ್ಲ. ಆದರೆ ಎರಡು ಕಿಟಕಿಗಳನ್ನು ಅದು ತೆರೆದಿಟ್ಟಿದೆ. ಒಂದು, 5ಎ ಕಲಂ: ಇ.ಎಸ್.ಐ.ನಲ್ಲಿ ಅರ್ಹತೆ ಬರುವವರೆಗೆ ಹೆಣ್ಣುಮಗಳ ಈ ಹಕ್ಕು ಮುಂದುವರಿಯುತ್ತದೆ. ಇನ್ನೊಂದು, 5ಬಿ: ಸಂಬಳ ಇ.ಎಸ್.ಐ. ಮಿತಿ ದಾಟಿ ಹೊರಗೆ ಬಿದ್ದವರಿಗೆ. ಈ ಕಾಯ್ದೆಯಲ್ಲಿ ನೋಡುವುದು ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದಾರೆಯೇ ಅಂತ. ಇಲ್ಲಿ ಬಟವಾಡೆಯ ತಡವಿಲ್ಲ, ನಿನ್ನೆಯ ದಿನವೂ ಲೆಕ್ಕಕ್ಕೆ ಬರುತ್ತದೆ. ಜೂನಿನಿಂದ ದುಡಿದ ಸವಿತ 80 ದಿನವನ್ನು ಸೆಪ್ಟೆಂಬರಿನಲ್ಲೇ ದಾಟಿದ್ದಾರೆ.

5ಎ ಕಲಮಿನ ‘ಮುಂದುವರಿಯುತ್ತದೆ’ ಅನ್ನುವ ಪದ ಹಿಡಿದು, ಮೊದಲೇ ಇ.ಎಸ್.ಐ. ಇರುವ ಫ್ಯಾಕ್ಟರಿಗೆ ಹೊಸದಾಗಿ ಸೇರಿದವಳಿಗೆ ಮುಂದುವರಿಯಲು ಹಿಂದೆ ಏನಿತ್ತು ಅಂತ ವಾದ ಹೂಡಲು ಜಾಗ ಇದೆ. ನನ್ನ ಮಟ್ಟಿಗೆ ಅದು ಕಾನೂನಿನ ಉದ್ದೇಶವನ್ನೇ ತಲೆಕೆಳಗು ಮಾಡುವ ಓದು. ಎರಡೂ ಕಾನೂನಿನ ನಡುವೆ ಬಸುರಿಯೊಬ್ಬಳು ಬೀಳಬಾರದು ಅಂತಲೇ ಆ ಕಲಂ ಇರುವುದು. ವಾದಕ್ಕೆ ಜಾಗ ಇರುವುದರಿಂದಲೇ ಬಾಯಿಮಾತಿನಲ್ಲಿ ಕೇಳಿ ಬಿಡಬಾರದು. ನಿರೀಕ್ಷಿತ ದಿನಾಂಕದ ವೈದ್ಯರ ಚೀಟಿ, ಎಂದಿನಿಂದ ರಜೆ, ದುಡ್ಡು ಯಾರ ಹೆಸರಿಗೆ ಅನ್ನುವ ನೋಟಿಸು, ಇ.ಎಸ್.ಐ. ಕಚೇರಿ ಅರ್ಹತೆ ಇಲ್ಲ ಅಂತ ಹೇಳಿದ್ದಕ್ಕೆ ಏನಾದರೂ ಬರಹ, ಇಷ್ಟನ್ನು ಸೇರಿಸಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಮಾಲೀಕರು ಹೆರಿಗೆಗೆ ಮುಂಚಿನ ಭಾಗವನ್ನು ಮುಂಗಡವಾಗಿ, ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರ ಹತ್ತಿರ ದೂರು.

ಮಂಜುಳ ಅವರ ಹತ್ತಿರ ವಾಪಸ್ ಬರೋಣ, ಎಷ್ಟು ದುಡ್ಡು ಅಂತ ಇನ್ನೂ ನೋಡಲಿಲ್ಲ. ದಿನದ ದರ ಹೀಗೆ ತೆಗೆಯುತ್ತಾರೆ: ಜೋಡಿ ವಂತಿಗೆ ಅವಧಿಯಲ್ಲಿ, ಅಂದರೆ ಏಪ್ರಿಲ್–ಸೆಪ್ಟೆಂಬರ್ 2024ರಲ್ಲಿ ಬಂದ ಒಟ್ಟು ಸಂಬಳವನ್ನು ಆ ಸಂಬಳದ ದಿನಗಳಿಂದ ಭಾಗಿಸುವುದು. ಆಗಸ್ಟಿನ 11 ದಿನಕ್ಕೆ 5,500, ಸೆಪ್ಟೆಂಬರಿನ 25 ದಿನಕ್ಕೆ 12,500, ಒಟ್ಟು 18,000. ಅದನ್ನು 36ರಿಂದ ಭಾಗಿಸಿದರೆ ದಿನಕ್ಕೆ 500. ಆರು ತಿಂಗಳ ಅವಧಿಯಲ್ಲಿ ನಾಲ್ಕೂವರೆ ತಿಂಗಳು ಮನೆಯಲ್ಲಿದ್ದರೂ ಸರಾಸರಿ ಇಳಿಯಲಿಲ್ಲ, ಯಾಕೆಂದರೆ ಭಾಗಿಸುವುದು ಸಂಬಳ ಬಂದ ದಿನಗಳಿಂದ ಮಾತ್ರ.

ಕೊಡುವಾಗ ಮಾತ್ರ ವಾರಕ್ಕೆ ಏಳು ದಿನ. 26 ವಾರ ಅಂದರೆ 182 ದಿನ, ಭಾನುವಾರವೂ ಸೇರಿ. 182ಕ್ಕೆ 500ರಂತೆ 91,000 ರೂಪಾಯಿ. ತಿಂಗಳಿಗೆ 13,000ದಂತೆ ಆರು ತಿಂಗಳ ಸಂಬಳ 78,000 ಅಷ್ಟೇ. ಭತ್ಯೆ ಸಂಬಳಕ್ಕಿಂತ ಹೆಚ್ಚಾಯಿತು ಅಂತ ತರಗತಿಯಲ್ಲಿ ಯಾರಾದರೊಬ್ಬರು ಕೈ ಎತ್ತೇ ಎತ್ತುತ್ತಾರೆ. ತಪ್ಪು ಲೆಕ್ಕವಲ್ಲ. ಭಾನುವಾರ ಸಂಬಳವಿಲ್ಲದ ದಿನಗೂಲಿಯ ದರವನ್ನು ಭಾನುವಾರಕ್ಕೂ ಕೊಟ್ಟಾಗ ಹೀಗೇ ಆಗುತ್ತದೆ.

ಆದ್ದರಿಂದಲೇ ಎಚ್‌ಆರ್‌ನವರು ಪ್ರತಿ ತಿಂಗಳು ಆನ್‌ಲೈನಿನಲ್ಲಿ ತುಂಬುವ ‘ದಿನಗಳು’ ಅನ್ನುವ ಪುಟ್ಟ ಚೌಕದ ಮೇಲೆ ಕಣ್ಣಿಡಬೇಕು. ಅದೇ 13,000 ಸಂಬಳಕ್ಕೆ 26 ದಿನ ಅಂತ ತುಂಬಿದರೆ ದಿನಕ್ಕೆ 500. ಅಭ್ಯಾಸಬಲದಿಂದ 30 ಅಂತ ತುಂಬಿದರೆ ದಿನಕ್ಕೆ 433 ರೂಪಾಯಿ 33 ಪೈಸೆ, 182 ದಿನಕ್ಕೆ ಸುಮಾರು 78,900. ಒಂದು ಅಂಕಿ ತಪ್ಪಾಗಿ ಒತ್ತಿದ್ದಕ್ಕೆ ಹನ್ನೆರಡು ಸಾವಿರ ಹೋಯಿತು. ತಿಂಗಳ ಸಂಬಳದವರಿಗೆ, ಭಾನುವಾರಕ್ಕೂ ಸಂಬಳ ಇರುವವರಿಗೆ, 30 ಅನ್ನುವುದೇ ಸರಿ. ಅವರಿಗೆ ದರ ಕಡಿಮೆ, ಆದರೆ ಎಪ್ಪತ್ತು ದಿನ ಬೇಗ ತುಂಬುತ್ತದೆ. ಯಾರಿಗೆ ಯಾವುದು ಅನ್ನುವುದನ್ನು ಪೇ ಸ್ಲಿಪ್ಪಿನಲ್ಲಿರುವ ದಿನ ಮತ್ತು ಪೋರ್ಟಲಿನಲ್ಲಿರುವ ದಿನ ಅಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಎರಡೂ ಒಂದೇ ಇರಬೇಕು.

ಪೇ ಸ್ಲಿಪ್ಪಿನಲ್ಲಿ ಕಡಿತ ಇದೆ, ಪೋರ್ಟಲಿನಲ್ಲಿ ತಿಂಗಳೇ ಖಾಲಿ ಅಂತಾದರೆ? ಅಂದರೆ ನಿಮ್ಮ ಸಂಬಳದಿಂದ ಹಿಡಿದದ್ದನ್ನು ಕಟ್ಟಿಲ್ಲ. ಇಲ್ಲಿ ನಿಯಮದ ಆ ಪದಕ್ಕೆ ಮರಳಬೇಕು. ವಂತಿಗೆ ‘ಕಟ್ಟಿರಬೇಕು’ ಅಂತ ನಿಯಮ ಹೇಳುವುದಿಲ್ಲ, ‘ಸಲ್ಲಬೇಕಾಗಿದ್ದಿರಬೇಕು’ ಅನ್ನುತ್ತದೆ. ಕಟ್ಟುವ ಹೊಣೆ ಪೂರ್ತಿ ಮಾಲೀಕರದು, ಕೆಲಸಗಾರರ ಪಾಲಿನದೂ ಸೇರಿ. ಹಿಡಿದುಕೊಂಡ ದುಡ್ಡು ಅವರ ಕೈಯಲ್ಲಿ ನಂಬಿ ಇಟ್ಟ ದುಡ್ಡು ಅಂತ ಕಾನೂನು ಭಾವಿಸುತ್ತದೆ, ಕಟ್ಟದಿರುವುದು ಅಪರಾಧ. ಅವರು ಕಟ್ಟದ್ದರಿಂದ ಹೆಣ್ಣುಮಗಳಿಗೆ ಸೌಲಭ್ಯ ತಪ್ಪುವಂತಿದ್ದರೆ, ನಿಗಮ ಆಕೆಗೆ ಕೊಟ್ಟು ಮಾಲೀಕರಿಂದ ವಸೂಲಿ ಮಾಡುವ ದಾರಿ ಇದೆ. ಆದರೆ ಕೆಲಸ ಮಾಡಿದ ದಿನಗಳಿಗೆ ಸಾಕ್ಷಿ ಬೇಕು: ಪೇ ಸ್ಲಿಪ್, ಪಂಚಿಂಗ್ ಕಾರ್ಡು, ಬ್ಯಾಂಕಿಗೆ ಸಂಬಳ ಬಂದ ಎಂಟ್ರಿ. ಪೇ ಸ್ಲಿಪ್ಪುಗಳನ್ನು ಮಡಿಸಿ ಬಿಸಾಕುವ ಅಭ್ಯಾಸ ಇರುವವರು ಕನಿಷ್ಠ ಎರಡು ವರ್ಷದ್ದಾದರೂ ಫೋನಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ.

ರಜೆ ಯಾವಾಗ ಶುರು ಮಾಡಬೇಕು ಅಂತ ಮಂಜುಳ ಕೇಳುತ್ತಾರೆ. ಫೆಬ್ರುವರಿ 20ರಿಂದ ಹಿಂದಕ್ಕೆ 56 ದಿನ ಎಣಿಸಿದರೆ ಡಿಸೆಂಬರ್ 26. ಅದಕ್ಕಿಂತ ಮುಂಚೆ ಭತ್ಯೆ ಇಲ್ಲ. ಅಂದಿನಿಂದ ಶುರು ಮಾಡಿದರೆ 182ನೇ ದಿನ ಜೂನ್ 25, ಜೂನ್ 26ಕ್ಕೆ ಕೆಲಸ. ಜನವರಿ ಕೊನೆಯವರೆಗೂ ದುಡಿದು ಫೆಬ್ರುವರಿಯಲ್ಲಿ ರಜೆ ಹಾಕಿದರೆ ಮಗುವಿನ ಜೊತೆ ಇನ್ನೊಂದು ತಿಂಗಳು ಹೆಚ್ಚು ಇರಬಹುದು. ಲೈನಿನಲ್ಲಿ ದಿನವಿಡೀ ಕೂತು ಹೊಲಿಯುವವರಿಗೆ ಒಂಬತ್ತನೇ ತಿಂಗಳು ಅಂದರೆ ಏನು ಅಂತ ಲೆಕ್ಕ ಹೇಳುವ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಇದು ಅವರು ಮತ್ತು ಡಾಕ್ಟರು ಕೂತು ತೀರ್ಮಾನಿಸುವ ಮಾತು. ಒಂದು ಎಚ್ಚರ ಮಾತ್ರ: ಭತ್ಯೆ ಪಡೆಯುವ ದಿನ ಸಂಬಳಕ್ಕೆ ದುಡಿಯುವಂತಿಲ್ಲ. ‘ಎರಡು ದಿನ ಬಂದು ಹೋಗಮ್ಮ, ಆರ್ಡರ್ ಇದೆ’ ಅಂತ ಸೂಪರ್‌ವೈಸರ್ ಕರೆದು, ಆಕೆ ಹೋಗಿ, ಸಂಬಳ ಬರೆದರೆ ಆ ಎರಡು ದಿನದ ಭತ್ಯೆ ಹೋಯಿತು, ಕ್ಲೇಮಿನ ಮೇಲೆ ಪ್ರಶ್ನೆಯೂ ಎದ್ದಿತು.

ಸೌಲಭ್ಯದ ಅವಧಿಯ ಅಂಚಿನಲ್ಲಿ ದಿನಾಂಕ ಬಿದ್ದವರಿಗೆ ನಿಯಮದ ಇನ್ನೊಂದು ಪದ ನೆರವಾಗುತ್ತದೆ. ‘ಆಗುವ ಅಥವಾ ಆಗುವ ನಿರೀಕ್ಷೆ ಇರುವ’ ಹೆರಿಗೆ ಅಂತ ಅದು ಎರಡೂ ಹೇಳುತ್ತದೆ. ನಿರೀಕ್ಷಿತ ದಿನ ಜುಲೈ 3, ಮಗು ಬಂದದ್ದು ಜೂನ್ 28 ಅನ್ನಿ. ಜೂನ್ ಲೆಕ್ಕದಲ್ಲಿ ಎಪ್ಪತ್ತು ತುಂಬದೆ, ಜುಲೈ ಲೆಕ್ಕದಲ್ಲಿ ತುಂಬುತ್ತಿದ್ದರೆ, ನಿರೀಕ್ಷಿತ ದಿನಾಂಕದ ಪ್ರಮಾಣಪತ್ರವೇ ಆಕೆಯ ಆಧಾರ. ಹೆರಿಗೆಗೆ ಮುಂಚೆಯೇ ಇ.ಎಸ್.ಐ. ವೈದ್ಯರಿಂದ ಆ ಪ್ರಮಾಣಪತ್ರ ಪಡೆದಿರಬೇಕು ಅನ್ನುವುದು ಇದಕ್ಕೇ. ತವರಿಗೆ ಹೋಗಿ ಅಲ್ಲಿನ ನರ್ಸಿಂಗ್ ಹೋಮಿನಲ್ಲಿ ಹೆತ್ತು, ಮೂರು ತಿಂಗಳ ಕೂಸು ಎತ್ತಿಕೊಂಡು ಮೊದಲ ಸಲ ಡಿಸ್ಪೆನ್ಸರಿಗೆ ಬರುವವರು ಈ ಆಧಾರವನ್ನು ಕಳೆದುಕೊಂಡಿರುತ್ತಾರೆ. ಹೊರಗಡೆ ಹೆರಿಗೆಯಾದರೆ ಭತ್ಯೆಯೇನೂ ತಪ್ಪುವುದಿಲ್ಲ, ದಾಖಲೆ ಜೋಡಿಸುವ ಓಡಾಟ ಮಾತ್ರ ಹೆಚ್ಚು. ಹತ್ತಿರದಲ್ಲಿ ಇ.ಎಸ್.ಐ. ಹೆರಿಗೆ ಸೌಕರ್ಯ ಇಲ್ಲದ ಕಡೆ ಹೆರಿಗೆ ಖರ್ಚಿಗೆ ಅಂತ 7,500 ರೂಪಾಯಿ ಬೇರೆ ಇದೆ, ಎರಡು ಹೆರಿಗೆಗೆ.

ಕ್ಲೇಮಿಗೆ ಫಾರಂ 19. ವಿಮಾದಾರರ ಲಾಗಿನ್‌ನಲ್ಲಿ ಆನ್‌ಲೈನ್ ಹಾಕಬಹುದು, ಇಲ್ಲವೇ ಶಾಖಾ ಕಚೇರಿಯಲ್ಲಿ ಕೊಡಬಹುದು. ಎಲ್ಲ ಸರಿ ಇದ್ದರೆ 14 ದಿನದೊಳಗೆ ಮೊದಲ ಕಂತು ಬರಬೇಕು. ತಡವಾಗುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ಆಧಾರಿನಲ್ಲಿ ಗಂಡನ ಹೆಸರು ಸೇರಿ, ಬ್ಯಾಂಕಿನಲ್ಲಿ ತಂದೆಯ ಹೆಸರೇ ಉಳಿದಿರುವುದು. ಇಲ್ಲವೇ ವಿಮೆಯ ದಾಖಲೆಯಲ್ಲಿ ಹಳೇ ಫೋನ್ ನಂಬರ್ ಇದ್ದು ಓ.ಟಿ.ಪಿ. ಬೇರೆ ಯಾರಿಗೋ ಹೋಗುವುದು. ಮದುವೆಯಾದ ವರ್ಷವೇ ಇವನ್ನು ಸರಿಮಾಡಿಸಿಕೊಂಡವರನ್ನು ನಾನು ಕಂಡದ್ದು ಬಹಳ ಕಡಿಮೆ.

ರಜೆಯ ಅಷ್ಟೂ ತಿಂಗಳು ಫ್ಯಾಕ್ಟರಿಯವರು ಪೋರ್ಟಲಿನಲ್ಲಿ ಮಂಜುಳ ಹೆಸರಿನ ಮುಂದೆ ಸೊನ್ನೆ ದಿನ ತುಂಬಿ, ಕಾರಣದ ಪಟ್ಟಿಯಿಂದ ಒಂದನ್ನು ಆರಿಸಬೇಕು. ಅದರಲ್ಲಿ ‘ರಜೆಯಲ್ಲಿದ್ದಾರೆ’ ಅಂತಲೂ ಇದೆ, ‘ಕೆಲಸ ಬಿಟ್ಟಿದ್ದಾರೆ’ ಅಂತಲೂ ಇದೆ. ಎರಡನೆಯದನ್ನು ಆರಿಸಿದರೆ ಆಕೆ ಆ ಫ್ಯಾಕ್ಟರಿಯ ಪಟ್ಟಿಯಿಂದಲೇ ಹೊರಬೀಳುತ್ತಾರೆ. ಇದು ಕೆಲವೊಮ್ಮೆ ಕೈತಪ್ಪು, ಕೆಲವೊಮ್ಮೆ ಕೈತಪ್ಪಲ್ಲ. ಭತ್ಯೆ ಪಡೆಯುತ್ತಿರುವ ಕಾಲದಲ್ಲಿ ಕೆಲಸದಿಂದ ತೆಗೆಯುವುದಾಗಲಿ, ಶಿಕ್ಷೆ ಕೊಡುವುದಾಗಲಿ ಕಾನೂನು ಒಪ್ಪುವುದಿಲ್ಲ. ರಜೆಯ ನಡುವೆ ಒಮ್ಮೆ ಲಾಗಿನ್ ಮಾಡಿ ಆ ಸಾಲು ನೋಡಿಕೊಂಡರೆ, ಜೂನ್ 26ರ ಬೆಳಿಗ್ಗೆ ಗೇಟಿನಲ್ಲಿ ಸೆಕ್ಯೂರಿಟಿಯವರ ಹತ್ತಿರ ವಾದ ಮಾಡುವುದು ತಪ್ಪುತ್ತದೆ.

ಒಂದು ಬದಲಾವಣೆ ಹೇಳಬೇಕು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದು, ಇ.ಎಸ್.ಐ. ಕಾಯ್ದೆ ಮತ್ತು ಹೆರಿಗೆ ಸೌಲಭ್ಯ ಕಾಯ್ದೆ ಎರಡೂ ಅದರ ಅಧ್ಯಾಯಗಳಾಗಿವೆ. 26 ವಾರ, ಮಾಲೀಕರ ಕಡೆಯ 80 ದಿನ, ಅರ್ಹತೆ ಬರುವವರೆಗೆ ಮುಂದುವರಿಯುವ ಹಕ್ಕು, ಮೂರೂ ಅಲ್ಲಿವೆ, ಕಲಮಿನ ಸಂಖ್ಯೆಗಳು ಮಾತ್ರ ಬೇರೆ. ಎಪ್ಪತ್ತು ದಿನ, ಒಂಬತ್ತು ತಿಂಗಳು ಇವು ಕಾಯ್ದೆಯಲ್ಲಿ ಇದ್ದದ್ದಲ್ಲ, ಅದರ ಕೆಳಗಿನ ನಿಯಮ, ನಿಬಂಧನೆಗಳಲ್ಲಿ ಇದ್ದದ್ದು. ಮೇಲಿನ ಎರಡೂ ಉದಾಹರಣೆ ಆ ನಿಯಮಗಳ ಕಾಲದವು. ಕ್ಲೇಮು ಹಾಕುವವರು ಹೆರಿಗೆಯ ದಿನಕ್ಕೆ ಜಾರಿಯಲ್ಲಿರುವ ನಿಯಮ ಯಾವುದು ಅಂತ ಶಾಖಾ ಕಚೇರಿಯಲ್ಲಿ ಕೇಳಿಕೊಂಡೇ ಈ ಗೆರೆ ಎಳೆಯಿರಿ.

ಮನೆಪಾಠವಾಗಿ ಒಂದು ಲೆಕ್ಕ. ಸೇರಿದ್ದು ಮೊದಲ ಸಲ, ಡಿಸೆಂಬರ್ 2ರಂದು. ಡಿಸೆಂಬರಿನಿಂದ ಮಾರ್ಚಿನವರೆಗೆ 64 ದಿನ, ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ 20 ದಿನ ಸಂಬಳ. ನಿರೀಕ್ಷಿತ ದಿನ ಡಿಸೆಂಬರ್ 29 ಆದರೆ ಆಕೆ ಅರ್ಹರೇ? ಜನವರಿ 4 ಆದರೆ? ಉತ್ತರ ಎರಡಕ್ಕೂ ಒಂದೇ ಬಂದಿದ್ದರೆ, ಬೋರ್ಡಿನ ಗೆರೆಯನ್ನು ಇನ್ನೊಮ್ಮೆ ಎಳೆದು ನೋಡಿ.